ಭುಜದ ದಾರಿ, ಕತ್ತಿನ ದಾರಿ: ಒಂದೇ ಬಲಗೈಗೆ ಎರಡು ಚಿಕಿತ್ಸೆ

ಬಲಗೈಯ ಒಂದೇ ನೋವಿಗೆ ಮೊದಲ ಏಳು ವಾರ ಭುಜದ ಚಿಕಿತ್ಸೆಯನ್ನೂ ಆಮೇಲೆ ಕತ್ತಿನ ಚಿಕಿತ್ಸೆಯನ್ನೂ ಸ್ವಂತ ದುಡ್ಡಿನಿಂದ ಮಾಡಿಸಿಕೊಂಡವನು ನಾನು. ಬೆರಳುಗಳಲ್ಲಿ ಜೋಮು ಇದ್ದರೆ ಮೊದಲು ಕತ್ತನ್ನು ಪರೀಕ್ಷೆ ಮಾಡಿಸಬೇಕೆನ್ನುವುದು ನನ್ನ ಮತ. ಮುಂಬಯಿ ಪಕ್ಕದ ಠಾಣೆ ನಗರದಲ್ಲಿರುವ ನನ್ನ ಭಾವನಿಗೆ ಭುಜದ ದಾರಿಯೇ ಸರಿಯಾಗಿತ್ತು. ಅವರ ಕೈಯನ್ನೂ ನನ್ನ ಕೈಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದ ಮೇಲೆಯೇ ನನಗೆ ಈ ಎರಡರ ವ್ಯತ್ಯಾಸ ತಿಳಿದದ್ದು.

ನಾನು ಡೊಂಬಿವಲಿಯಲ್ಲಿದ್ದು ಮುಂಬಯಿಯ ಫೋರ್ಟಿನ ಕಚೇರಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ವಯಸ್ಸು ನಲವತ್ತೆಂಟು. ಜುಲೈ ಮೊದಲ ವಾರದ ಒಂದು ಬೆಳಿಗ್ಗೆ ಎದ್ದಾಗ ಕತ್ತಿನ ಬಲಭಾಗ ಹಿಡಿದುಕೊಂಡಿತ್ತು. ಎರಡು ದಿನಗಳಲ್ಲಿ ಆ ನೋವು ಬಲಬೆನ್ನಿನ ಮೇಲ್ಭಾಗದ ರೆಕ್ಕೆ ಎಲುಬಿನ ಒಳ ಅಂಚಿಗೆ ಬಂದಿತು. ಅಲ್ಲಿಂದ ರಟ್ಟೆಯ ಹಿಂಬದಿಯಲ್ಲಿ ಇಳಿದು ಮುಂಗೈಯನ್ನು ದಾಟಿ ಮಧ್ಯದ ಬೆರಳಿನಲ್ಲಿ ಜೋಮಾಗಿ ನಿಂತಿತು. ಭಾವನಿಗೆ ಫೋನಿನಲ್ಲಿ ಹೇಳಿದಾಗ, ಮಧುಮೇಹದ ಜೊತೆಗೆ ಒಂದು ವರ್ಷದಿಂದ ಭುಜದ ಕೀಲು ಬಿಗಿದುಕೊಳ್ಳುವ ಫ್ರೋಜನ್ ಶೋಲ್ಡರ್ ಅನುಭವಿಸುತ್ತಿದ್ದ ಅವರು, "ಇದು ನನ್ನದೇ ನೋವು ಮಾರಾಯ, ಮೊದಲು ಭುಜ ತೋರಿಸು" ಎಂದರು. ನಾನೂ ಹಾಗೆಯೇ ಮಾಡಿದೆ. ಬೆರಳಿನ ಜೋಮನ್ನು ವೈದ್ಯರ ಮುಂದೆ ಕೊನೆಯಲ್ಲಿ, ಮುಖ್ಯವಲ್ಲದ ಸಂಗತಿಯೆಂಬಂತೆ ಹೇಳಿದ್ದು ನನ್ನ ತಪ್ಪು.

ಭುಜದ ದಾರಿಯಲ್ಲಿ ನನ್ನನ್ನು ಕೆಡಿಸಿದ್ದು ಎಂಆರ್‌ಐ ವರದಿಯ ಒಂದು ಸಾಲು. ಸುಪ್ರಾಸ್ಪೈನೇಟಸ್ ಎಂಬ ಸ್ನಾಯುರಜ್ಜು ಭಾಗಶಃ ಹರಿದಿದೆಯೆಂದು ಅದರಲ್ಲಿ ಬರೆದಿತ್ತು. ತೋಳನ್ನು ಮೇಲೆತ್ತಲು ನೆರವಾಗುವ, ಭುಜದ ಕೀಲಿನ ಮೇಲೆ ಹಾದುಹೋಗುವ ರಜ್ಜು ಅದು. ಏಳು ಸಾವಿರ ರೂಪಾಯಿ ಕೊಟ್ಟು ಪಡೆದ ಕಾಗದದಲ್ಲಿ 'ಹರಿದಿದೆ' ಎಂಬ ಪದ ಕಂಡ ಮೇಲೆ ನನಗಾಗಲಿ, ಫಿಸಿಯೋಥೆರಪಿ ಕೊಟ್ಟವರಿಗಾಗಲಿ ಬೇರೆ ಅನುಮಾನ ಬರಲಿಲ್ಲ. ಮುಂದೆ ಎಲ್ಲರೂ ಓದಿದ್ದು ಆ ಕಾಗದವನ್ನೇ. ಕೈಯನ್ನು ಮತ್ತೆ ಯಾರೂ ನೋಡಲಿಲ್ಲ. ನಡುವಯಸ್ಸು ದಾಟಿದವರಲ್ಲಿ ಭುಜ ಒಂದಿಷ್ಟೂ ನೋಯದಿದ್ದರೂ ರಜ್ಜು ಹೀಗೆ ಹರಿದಿರುವುದು ಎಂಆರ್‌ಐಯಲ್ಲಿ ಕಾಣುವುದು ಸಾಮಾನ್ಯ ಎಂಬುದು ಆಗ ನನಗೆ ಗೊತ್ತಿರಲಿಲ್ಲ. ತಲೆಗೂದಲಲ್ಲಿ ನರೆ ಕಂಡಿತೆಂದು ತಲೆನೋವಿಗೆ ಅದನ್ನೇ ಕಾರಣ ಮಾಡಿದ ಹಾಗಾಗಿತ್ತು ನಮ್ಮ ತರ್ಕ.

ಐನೂರು ರೂಪಾಯಿಯಂತೆ ಹನ್ನೆರಡು ಸಲ ಶಾಖ, ರಾಟೆಯ ಹಗ್ಗ ಎಳೆಯುವ ವ್ಯಾಯಾಮ ಎಲ್ಲವೂ ಆದವು. ಗುಣ ಕಾಣದಿದ್ದಾಗ ಆರನೆಯ ವಾರ ಭುಜದ ಮೂಳೆಯ ಕೆಳಗಿನ ಸಂದಿಗೆ ಒಂದು ಚುಚ್ಚುಮದ್ದು ಕೊಟ್ಟರು. ಅದರಲ್ಲಿ ಸ್ಟೀರಾಯ್ಡ್ ಜೊತೆಗೆ ಜಾಗ ಮರಗಟ್ಟಿಸುವ ಔಷಧಿಯೂ ಇತ್ತು. ಸ್ಟೀರಾಯ್ಡ್ ಕೆಲಸ ಆರಂಭಿಸಲು ದಿನಗಳು ಬೇಕು, ಆದರೆ ಮರಗಟ್ಟಿಸುವ ಔಷಧಿ ಕೆಲವೇ ನಿಮಿಷಗಳಲ್ಲಿ ಹತ್ತುತ್ತದೆ. ನೋವು ನಿಜವಾಗಿ ಆ ಸಂದಿಯಿಂದ ಹುಟ್ಟುತ್ತಿದ್ದರೆ, ದವಾಖಾನೆಯ ಮೆಟ್ಟಿಲು ಇಳಿಯುವಷ್ಟರಲ್ಲಿ, ತಾತ್ಕಾಲಿಕವಾಗಿಯಾದರೂ, ಅದು ಬಹುಮಟ್ಟಿಗೆ ಇಳಿಯಬೇಕಿತ್ತು. ನನಗೆ ಎಳ್ಳಷ್ಟೂ ಇಳಿಯಲಿಲ್ಲ. ಮೂರು ಸಾವಿರ ರೂಪಾಯಿಯ ಆ ಚುಚ್ಚುಮದ್ದು, ನೋವಿನ ಮೂಲ ಆ ಸಂದಿಯಲ್ಲಿಲ್ಲ ಎಂದು ಅಂದೇ ಬಹುಮಟ್ಟಿಗೆ ಉತ್ತರ ಕೊಟ್ಟಿತ್ತು. ಅರ್ಧ ಗಂಟೆ ಬಿಟ್ಟು ಹೇಗಿದೆ ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. "ಎರಡು ವಾರ ನೋಡೋಣ" ಎಂದರು. ನಾನು ಮನೆಗೆ ಬಂದೆ.

ಉತ್ತರ ಇನ್ನೂ ಮೊದಲೇ ಲೋಕಲ್ ಟ್ರೈನಿನಲ್ಲಿ ದಿನಾ ಸಿಗುತ್ತಿತ್ತು. ಬೆಳಗಿನ ಗದ್ದಲದಲ್ಲಿ ಒಂದು ಗಂಟೆ ಚಿಲ್ಲರೆ ಹೊತ್ತು ತಲೆಯ ಮೇಲಿನ ಹಿಡಿಕೆ ಹಿಡಿದು ನಿಲ್ಲುವಾಗ ನನ್ನ ಬಲಗೈ ಹಗುರಾಗುತ್ತಿತ್ತು, ಜೋಮೂ ಕಡಿಮೆಯಾಗುತ್ತಿತ್ತು. ಇಳಿದು ಕೈ ಕೆಳಗೆ ಬಿಟ್ಟರೆ ಮತ್ತೆ ಶುರು. ರಾತ್ರಿಯೂ ಅಂಗೈಯನ್ನು ನೆತ್ತಿಯ ಮೇಲಿಟ್ಟುಕೊಂಡರೆ ಮಾತ್ರ ನಿದ್ದೆ ಬರುತ್ತಿತ್ತು. ಕತ್ತಿನಲ್ಲಿ ಒತ್ತಿಹೋದ ನರದ ಬೇರಿಗೆ ಈ ಭಂಗಿಯಲ್ಲಿ ಎಳೆತ ಕಡಿಮೆಯಾಗುತ್ತದೆ. ಭುಜ ಕೆಟ್ಟವರಿಗಾದರೆ ಇದೇ ಭಂಗಿ ಶಿಕ್ಷೆ. ಭಾವ ಆ ಹಿಡಿಕೆಯನ್ನು ಬಲಗೈಯಿಂದ ಮುಟ್ಟಿ ಒಂದು ವರ್ಷವಾಗಿತ್ತು. ಅವರು ಬಾಗಿಲ ಬಳಿಯ ಕಂಬವನ್ನು ಎಡಗೈಯಿಂದ ಅಪ್ಪಿಕೊಂಡು ನಿಲ್ಲುತ್ತಿದ್ದರು. ಪ್ಯಾಂಟಿನ ಹಿಂಜೇಬಿನಿಂದ ಪಾಸ್ ತೆಗೆಯುವುದೂ ಅವರಿಗೆ ಆಗುತ್ತಿರಲಿಲ್ಲ, ನನಗೆ ಅದರಲ್ಲಿ ಯಾವ ತೊಂದರೆಯೂ ಇರಲಿಲ್ಲ. ಪ್ಲಾಟ್‌ಫಾರ್ಮಿನಲ್ಲಿ ನಿಂತು ಬಲಕ್ಕೆ ಓರೆಯಾಗಿ ಇಂಡಿಕೇಟರ್ ಬೋರ್ಡನ್ನು ತಲೆಯೆತ್ತಿ ನೋಡಿದರೆ ಮಾತ್ರ ಮಧ್ಯದ ಬೆರಳಿನವರೆಗೆ ಕರೆಂಟು ಹೊಡೆದ ಹಾಗಾಗುತ್ತಿತ್ತು. ಕೈ ಅಲ್ಲಾಡಿಸದೆ ಕತ್ತನ್ನಷ್ಟೇ ತಿರುಗಿಸಿದರೆ ಬೆರಳು ಜುಮ್ಮೆನ್ನುವುದಕ್ಕೆ ಭುಜ ಹೇಗೆ ಕಾರಣವಾದೀತು ಎಂಬ ಪ್ರಶ್ನೆ ನನಗೆ ಏಳು ವಾರ ಹೊಳೆಯಲಿಲ್ಲ.

ಕಣ್ಣು ತೆರೆಸಿದ್ದು ಚಕ್ಕುಲಿ. ಅಷ್ಟಮಿಯ ಹಿಂದಿನ ದಿನ ನಮ್ಮ ಮನೆಯಲ್ಲಿ ಒರಳಿನಿಂದ ಚಕ್ಕುಲಿ ಒತ್ತುವುದು ನನ್ನ ಕೆಲಸ. ಆ ದಿನ ಹಿಟ್ಟು ಹದವಾಗಿಯೇ ಇತ್ತು, ಆದರೆ ಎರಡು ಸುತ್ತು ಬೀಳುವಷ್ಟರಲ್ಲಿ ಬಲ ಮೊಣಕೈ ತಾನಾಗಿ ಮಡಚಿಕೊಂಡಿತು. ನೋವಿನಿಂದ ಬಿಟ್ಟದ್ದಲ್ಲ, ಒತ್ತುವ ಬಲವೇ ಇರಲಿಲ್ಲ. ಹೆಂಡತಿ ಒರಳನ್ನು ಕಿತ್ತುಕೊಂಡು, ನಾಳೆಯೇ ಬೇರೆ ವೈದ್ಯರನ್ನು ನೋಡಬೇಕೆಂದಳು.

ಆ ವೈದ್ಯರು ನರರೋಗ ತಜ್ಞರು. ಫೀಸು ಸಾವಿರದ ಇನ್ನೂರು. ಭುಜದ ವರದಿಯನ್ನು ಪಕ್ಕಕ್ಕಿಟ್ಟು ಮೊದಲು ನನ್ನ ಭುಜವನ್ನು ತಾವೇ ಎಲ್ಲ ದಿಕ್ಕಿಗೂ ತಿರುಗಿಸಿದರು. ಮೊಣಕೈಯನ್ನು ಸೊಂಟಕ್ಕೆ ಅಂಟಿಸಿ ಮುಂಗೈಯನ್ನು ಹೊರಕ್ಕೆ ತಿರುಗಿಸಿದಾಗ ಅದು ಪೂರ್ತಿ ಹೋಯಿತು, ನೋಯಲಿಲ್ಲ. ಭಾವನಿಗೆ ಇದೇ ಚಲನೆ, ಬೇರೆಯವರು ತಿರುಗಿಸಿದರೂ, ಅರ್ಧದಲ್ಲೇ ನಿಲ್ಲುತ್ತದೆ. ಫ್ರೋಜನ್ ಶೋಲ್ಡರಿನ ಗುರುತು ಅದು. ಆಮೇಲೆ ನನ್ನ ಕತ್ತನ್ನು ಹಿಂದಕ್ಕೆ ಬಾಗಿಸಿ, ಬಲಕ್ಕೆ ಓಲಿಸಿ ನೆತ್ತಿಯ ಮೇಲೆ ಮೆಲ್ಲನೆ ಒತ್ತಿದರು. ಇಂಡಿಕೇಟರ್ ಬೋರ್ಡಿನ ಅದೇ ಕರೆಂಟು ಅದೇ ಬೆರಳಿಗೆ ಬಂದಿತು. ಇದಕ್ಕೆ ಸ್ಪರ್ಲಿಂಗ್ ಪರೀಕ್ಷೆಯೆಂದು ಹೆಸರು. ಹೀಗೆ ತೋಳಿಗಿಳಿದು ನೋವು ಬಂದರೆ ಕತ್ತಿನ ನರದ ಮೇಲೆ ಅನುಮಾನ ಗಟ್ಟಿಯಾಗುತ್ತದೆ, ಬರದಿದ್ದರೆ ನರ ಸರಿಯಿದೆಯೆಂದು ಹೇಳುವ ಹಾಗಿಲ್ಲ. ಮನೆಯಲ್ಲಿ ಯಾರಿಂದಲೂ ಮಾಡಿಸಿಕೊಳ್ಳುವಂಥದ್ದಲ್ಲ. ಕೊನೆಗೆ ಮೊಣಕೈಯ ಹಿಂದೆ ರಬ್ಬರ್ ಸುತ್ತಿಗೆಯಿಂದ ತಟ್ಟಿದರು. ಎಡಗೈ ಎಗರಿತು, ಬಲಗೈ ಸುಮ್ಮನಿತ್ತು.

ಕತ್ತಿನಲ್ಲಿ ಏಳು ಮೂಳೆಗಳಿದ್ದರೂ ನರದ ಬೇರುಗಳು ಎಂಟು. ಮೊದಲ ಏಳು ಬೇರುಗಳು ತಮ್ಮ ಸಂಖ್ಯೆಯ ಮೂಳೆಯ ಮೇಲಿನಿಂದ ಹೊರಬರುತ್ತವೆ. ಹಾಗಾಗಿ ಆರು ಮತ್ತು ಏಳನೆಯ ಮೂಳೆಗಳ ನಡುವಿನ ಡಿಸ್ಕ್ ಉಬ್ಬಿದರೆ ಸಿಕ್ಕಿಕೊಳ್ಳುವುದು ಏಳನೆಯ ಬೇರು. ಮಧ್ಯದ ಬೆರಳಿನ ಸ್ಪರ್ಶವನ್ನೂ ಮೊಣಕೈ ನೇರಮಾಡುವ ರಟ್ಟೆಯ ಹಿಂದಿನ ಸ್ನಾಯುವನ್ನೂ ಮುಖ್ಯವಾಗಿ ನೋಡಿಕೊಳ್ಳುವುದು ಅದೇ. ಜೋಮು, ಚಕ್ಕುಲಿ, ಸುತ್ತಿಗೆ ಮೂರೂ ಒಂದೇ ಜಾಗವನ್ನು ತೋರಿಸಿದ್ದು ಹೀಗೆ. ಕತ್ತಿನ ಎಂಆರ್‌ಐ ಅದನ್ನು ಸಮರ್ಥಿಸಿತು ಅಷ್ಟೆ; ಬಲಹೀನತೆ ಇದ್ದದ್ದರಿಂದ ತೆಗೆಸಿದರು. ಡಿಸ್ಕಿನ ಉಬ್ಬು ಕೂಡ ನೋವಿಲ್ಲದವರ ಚಿತ್ರದಲ್ಲಿ ಬೇಕಾದಷ್ಟು ಕಾಣುತ್ತದೆಯಾದ್ದರಿಂದ ಪರೀಕ್ಷೆಗೆ ಹೊಂದಿದರೆ ಮಾತ್ರ ಅದಕ್ಕೆ ಬೆಲೆಯೆಂದು ಅವರು ಹೇಳಿದರು. ಆರನೆಯ ಬೇರಾಗಿದ್ದರೆ ಜೋಮು ಹೆಬ್ಬೆರಳು ಮತ್ತು ತೋರುಬೆರಳಿಗೆ, ಎಂಟನೆಯದಾಗಿದ್ದರೆ ಕಿರುಬೆರಳಿಗೆ ಹೋಗುತ್ತಿತ್ತು.

ಭುಜದ ನೋವು ಸಾಮಾನ್ಯವಾಗಿ ರಟ್ಟೆಯ ಹೊರಬದಿಯಲ್ಲೇ ಉಳಿಯುತ್ತದೆ, ಮೊಣಕೈ ದಾಟುವುದು ಕಡಿಮೆ, ಬೆರಳನ್ನು ಜೋಮು ಹಿಡಿಸುವುದಿಲ್ಲ. ಭುಜದ ನೋವನ್ನೂ ಕತ್ತಿನ ನೋವನ್ನೂ ನಿಜವಾಗಿ ಬೇರ್ಪಡಿಸುವುದು ಕಷ್ಟವಾಗುವುದು ಐದನೆಯ ಬೇರು ಸಿಕ್ಕಿಕೊಂಡಾಗ. ನೋವೂ ಭುಜದಲ್ಲೇ, ಕೈ ಎತ್ತಲಾಗದ ಬಲಹೀನತೆಯೂ ಭುಜದಲ್ಲೇ. ನನಗೆ ವ್ಯರ್ಥವಾದ ಆ ಚುಚ್ಚುಮದ್ದು, ಅರ್ಧ ಗಂಟೆ ಕಾದು ನೋಡುವುದಾದರೆ, ಅಲ್ಲಿ ಕೆಲಸಕ್ಕೆ ಬರುತ್ತದೆ. ರಾತ್ರಿ ಎಚ್ಚರವಾಗಿ ಕೈ ಕೊಡವಿದರೆ ಜೋಮು ಹೋಗುವುದಾದರೆ ಮಣಿಕಟ್ಟಿನಲ್ಲಿ ನರ ಒತ್ತಿರುವುದನ್ನೂ ನೋಡಿಸಬೇಕು. ನಡೆದಾಗ ಎಡಗೈ ನೋವು ಬಂದು ಎದೆ ಬಿಗಿದು ಬೆವರಿದರೆ ಈ ಹೋಲಿಕೆಯನ್ನೆಲ್ಲ ಬಿಟ್ಟು ಮೊದಲು ಹೃದಯ ತೋರಿಸಬೇಕು.

ಕತ್ತಿನ ದಾರಿಯಲ್ಲಿ ಚಿಕಿತ್ಸೆ ದೊಡ್ಡದೇನಲ್ಲ. ಕೆಲವು ವಾರ ನರದ ನೋವಿನ ಮಾತ್ರೆ, ಎರಡು ದಿಂಬಿನ ಬದಲು ಒಂದು, ನಾಲ್ಕು ಸಲ ಫಿಸಿಯೋಥೆರಪಿ, ಕಚೇರಿಯಲ್ಲಿ ಬಲಕ್ಕಿದ್ದ ಮಾನಿಟರ್ ನೇರ ಎದುರಿಗೆ. ಹೆಚ್ಚಿನವರಿಗೆ ಶಸ್ತ್ರಚಿಕಿತ್ಸೆಯಿಲ್ಲದೆ ಕೆಲವು ವಾರಗಳಿಂದ ಕೆಲವು ತಿಂಗಳುಗಳಲ್ಲಿ ಇಳಿಯುತ್ತದೆ. ಹಾಗಿರುವಾಗ ನನ್ನ ಗುಣದಲ್ಲಿ ಮಾತ್ರೆಯ ಪಾಲೆಷ್ಟು, ಕಾಲದ ಪಾಲೆಷ್ಟು ಎಂದು ಬಿಡಿಸಿ ಹೇಳಲಾರೆ. ಬಲಹೀನತೆ ಹೆಚ್ಚುತ್ತ ಹೋದರೆ, ಅಂಗಿಯ ಗುಂಡಿ ಹಾಕಲು ಬೆರಳು ತಡವರಿಸಿದರೆ, ನಡೆಯುವಾಗ ಕಾಲು ಬಿಗಿದು ತೊಡರಿದರೆ, ಮೂತ್ರದ ಹಿಡಿತ ತಪ್ಪಿದರೆ ಕಾಯದೆ ಬರಬೇಕೆಂದಿದ್ದರು, ಏಕೆಂದರೆ ಬೇರು ಬಿಟ್ಟು ಬೆನ್ನುಹುರಿಯೇ ಒತ್ತಿಹೋದಾಗ ಹೀಗಾಗುತ್ತದೆ.

ಭುಜದ ದಾರಿಗೆ ನನಗೆ ಹಿಡಿದದ್ದು ಹದಿನಾರು ಸಾವಿರ, ಕತ್ತಿನ ದಾರಿಗೆ ಎಂಆರ್‌ಐ ಸೇರಿ ಹನ್ನೆರಡು. ದಿನಕ್ಕೆ ಎರಡು ಸಲ ಲೋಕಲ್ ಹತ್ತುವ, ಸಂಬಳದಲ್ಲೇ ಎಲ್ಲ ತೂಗಿಸುವ ನನ್ನಂಥವನು ಮತ್ತೊಮ್ಮೆ ಹೀಗಾದರೆ ಮೊದಲು ಕೊಡುವುದು ಆ ಸಾವಿರದ ಇನ್ನೂರನ್ನು, ಸ್ಕ್ಯಾನಿಗಲ್ಲ. ನೋವು ಅಕ್ಟೋಬರಿನಲ್ಲಿ ಹೋಯಿತು, ಒತ್ತುವ ಬಲ ದೀಪಾವಳಿ ಕಳೆದ ಮೇಲೆ ಬಂದಿತು. ಮಧ್ಯದ ಬೆರಳಿನ ತುದಿ ಮಾತ್ರ ಇನ್ನೂ ಸ್ವಲ್ಪ ದಪ್ಪವೆನಿಸುತ್ತದೆ. ನೋಟು ಎಣಿಸುವಾಗ ತೋರುಬೆರಳನ್ನು ಬಳಸುತ್ತೇನೆ.