ಅರ್ಧ ಪಾಯಿಂಟ್‌ಗೆ ನನ್ನ ಎಡಗಣ್ಣಿನ ಕ್ಲೇಮ್ ಹೋಯಿತು

ಕನ್ನಡಕ ತೆಗೆಯುವ ಲೇಸರ್ ಆಪರೇಷನ್‌ಗೆ ಹೆಲ್ತ್ ಇನ್ಶೂರೆನ್ಸ್ ದುಡ್ಡು ಬರುತ್ತದೆ ಅಂತ ನಂಬಿ ಕೂತವರು ಇದನ್ನು ಓದಿ. ಹುಬ್ಬಳ್ಳಿಯಲ್ಲಿ ಎರಡೂ ಕಣ್ಣಿಗೆ ಮಾಡಿಸಿಕೊಂಡೆ. ಖರ್ಚು 84,000 ರೂಪಾಯಿ, ಬಂದಿದ್ದು 42,000. ಬಲಗಣ್ಣಿಗೆ ಕೊಟ್ಟರು, ಎಡಗಣ್ಣಿಗೆ ಕೊಡಲಿಲ್ಲ.

ನನ್ನದು ಆರನೇ ಕ್ಲಾಸಿನಿಂದಲೇ ದಪ್ಪ ಗ್ಲಾಸು. ಪಾಲಿಸಿ ಮಾಡಿಸುವಾಗಲೇ ಏಜೆಂಟರನ್ನು ಕೇಳಿದ್ದೆ. "ನಂಬರ್ ಏಳೂವರೆ ದಾಟಿದ್ರ ಸಾಕ್ರೀ ಮೇಡಂ, ಲೇಸರ್‌ಗೂ ರೊಕ್ಕ ಬರ್ತದ" ಅಂದಿದ್ದರು. ಪಾಪ, ಸುಳ್ಳು ಹೇಳಿರಲಿಲ್ಲ. ನಮ್ಮ ದೇಶದ ಹೆಲ್ತ್ ಪಾಲಿಸಿಗಳಲ್ಲಿ Code-Excl15 ಅಂತ ಒಂದು ಕಲಂ ಇರುತ್ತದೆ. ದೃಷ್ಟಿದೋಷ 7.5 ಡಯಾಪ್ಟರ್‌ಗಿಂತ ಕಡಿಮೆ ಇದ್ದರೆ ಅದನ್ನು ಸರಿಪಡಿಸುವ ಖರ್ಚು ಕೊಡುವುದಿಲ್ಲ ಅನ್ನುತ್ತದೆ. ಅಷ್ಟೇ, ಒಂದೇ ವಾಕ್ಯ. ಮೈನಸ್ ನಂಬರಿನ ಜೊತೆ ಸಿಲಿಂಡರ್, ಅಂದರೆ ಕಣ್ಣಿನ ವಕ್ರತೆ ಎಲ್ಲ ದಿಕ್ಕಿಗೂ ಒಂದೇ ಸಮ ಇಲ್ಲದ್ದಕ್ಕೆ ಬರೆಯುವ ಎರಡನೇ ನಂಬರ್, ಇದ್ದರೆ ಹೇಗೆ ಎಣಿಸಬೇಕು, ಒಂದು ಕಣ್ಣು ದಾಟಿ ಇನ್ನೊಂದು ದಾಟದಿದ್ದರೆ ಏನು, ಅದರಲ್ಲಿ ಇಲ್ಲ. ನಾನು ಸಿಕ್ಕಿಕೊಂಡಿದ್ದು ಅಲ್ಲೇ.

ನನ್ನ ಬಲಗಣ್ಣು -8.50. ಅದಕ್ಕೆ ತಕರಾರಿಲ್ಲ. ಎಡಗಣ್ಣಿನ ಚೀಟಿಯಲ್ಲಿ ಎರಡು ಅಂಕಿ ಇದ್ದವು: ಮೊದಲ ಕಾಲಂನಲ್ಲಿ -7.00, ಸಿಲಿಂಡರ್ ಕಾಲಂನಲ್ಲಿ -1.00. ಕಣ್ಣಿನ ಡಾಕ್ಟರುಗಳು ಇದನ್ನು ಒಂದೇ ನಂಬರಾಗಿ ಹೇಳಬೇಕಾದರೆ ಸಿಲಿಂಡರಿನ ಅರ್ಧವನ್ನು ಮೊದಲ ಅಂಕಿಗೆ ಕೂಡಿಸುತ್ತಾರೆ. 7.00ಕ್ಕೆ 0.50 ಸೇರಿದರೆ 7.50. ಕಲಂ ಹೇಳುವುದು 7.5ಕ್ಕಿಂತ ಕಡಿಮೆ ಅಂತ, ಸರಿಯಾಗಿ 7.5 ಇದ್ದರೆ ಅದು ಕಡಿಮೆ ಅಲ್ಲವಲ್ಲ? ಆದರೆ ಕಂಪನಿಯವರು ಮೊದಲ ಅಂಕಿ ಮಾತ್ರ ನೋಡಿದರು. 7.00, ಆದ್ದರಿಂದ ಇಲ್ಲ.

ಅವರನ್ನೇ ಬೈಯುವ ಮೊದಲು ನನ್ನ ತಪ್ಪೂ ಹೇಳಬೇಕು. ಡಿಸ್ಚಾರ್ಜ್ ಸಮ್ಮರಿ ಕೈಗೆ ಬಂದಾಗ ಓದಲೇ ಇಲ್ಲ. ಕಣ್ಣಲ್ಲಿ ನೀರು, ಮೇಲೆ ಕಪ್ಪು ಕನ್ನಡಕ, ಓದುವುದಾದರೂ ಹೇಗೆ? ತಂಗಿ ಮಡಚಿ ಬ್ಯಾಗಿಗೆ ಹಾಕಿದಳು. ರಿಜೆಕ್ಟ್ ಪತ್ರ ಬಂದ ಮೇಲೆ ತೆಗೆದು ನೋಡಿದರೆ, ಎಡಗಣ್ಣಿನ ಮುಂದೆ ಬರೀ -7.00 ಅಂತ ಟೈಪ್ ಆಗಿದೆ. ಸಿಲಿಂಡರೇ ಇಲ್ಲ! ಆಪರೇಷನ್ ಮೊದಲಿನ ತಪಾಸಣೆಯ ಚೀಟಿಯಲ್ಲಿ ಪೂರ್ತಿ ಇತ್ತು, ಟೈಪ್ ಮಾಡುವವರು ಬಿಟ್ಟಿದ್ದರು. ಆಸ್ಪತ್ರೆಗೆ ನಾಲ್ಕು ಸಲ ಅಲೆದು ಸರಿ ಮಾಡಿಸಿ ಕಳಿಸಿದೆ. "ಕ್ಲೇಮ್ ತಿರಸ್ಕಾರವಾದ ಮೇಲೆ ತಿದ್ದಿದ ದಾಖಲೆ" ಅಂತ ಅದನ್ನೂ ಅನುಮಾನದಿಂದಲೇ ನೋಡಿದರು. ತಿದ್ದಿದ ಕಾಗದಕ್ಕೆ ಬೆಲೆ ಕಡಿಮೆ, ಗೊತ್ತಾಗಿದ್ದು ತಡವಾಗಿ.

ಇನ್ನೊಂದು ಗುಂಡಿಗೆ ಬೀಳುವುದು ಸ್ವಲ್ಪದರಲ್ಲಿ ತಪ್ಪಿತು. ಹಳೇ ನಂಬರಿಗೆ ಪುರಾವೆ ಕೇಳಿದಾಗ ಕಾಂಟ್ಯಾಕ್ಟ್ ಲೆನ್ಸ್ ಡಬ್ಬಿಯ ಫೋಟೊ ಕಳಿಸಲು ಹೊರಟಿದ್ದೆ. ನಮ್ಮ ಕನ್ನಡಕದಂಗಡಿಯವರು ತಡೆದರು. ಕನ್ನಡಕ ಕಣ್ಣಿನಿಂದ ಸುಮಾರು 12 ಮಿಲಿಮೀಟರ್ ದೂರ ಇರುತ್ತದೆ, ಕಾಂಟ್ಯಾಕ್ಟ್ ಲೆನ್ಸ್ ಕಣ್ಣಿಗೇ ಅಂಟಿರುತ್ತದೆ. ಹಾಗಾಗಿ ದೊಡ್ಡ ಮೈನಸ್ ನಂಬರಿನವರಿಗೆ ಲೆನ್ಸ್ ಡಬ್ಬಿಯ ಮೇಲಿನ ನಂಬರ್ ಕಡಿಮೆಯೇ ಇರುತ್ತದೆ. ಕನ್ನಡಕದಲ್ಲಿ -8.00 ಇದ್ದವರಿಗೆ ಕಣ್ಣಿನ ಮೇಲೆ ಸುಮಾರು -7.30 ಸಾಕು. ಅದೇ ಕಣ್ಣು, ಒಂದು ಕಾಗದದಲ್ಲಿ ಪಾಸು, ಇನ್ನೊಂದರಲ್ಲಿ ಫೇಲು. ಫೈಲಿನಲ್ಲಿ ಎಲ್ಲೇ ಲೆನ್ಸ್ ಡಬ್ಬಿಯ ನಂಬರ್ ಇದ್ದರೂ ಅದು ಕನ್ನಡಕದ ನಂಬರ್ ಅಲ್ಲ ಅಂತ ಪಕ್ಕದಲ್ಲಿ ಬರೆಸಿ.

ನನ್ನ ಪಾಲಿಸಿಗೆ ನಾಲ್ಕನೇ ವರ್ಷ ನಡೆಯುತ್ತಿತ್ತು, ಮೊದಲಿನಿಂದ ಇದ್ದ ತೊಂದರೆಗಳ ಕಾಯುವ ಅವಧಿ ಮುಗಿದಿತ್ತು. ಹೊಸ ಪಾಲಿಸಿಯವರು ಆ ಸಾಲನ್ನೂ ನೋಡಿಕೊಳ್ಳಿ, ಇಲ್ಲದಿದ್ದರೆ ನಂಬರ್ ಹತ್ತಿದ್ದರೂ ಬರುವುದಿಲ್ಲ.

ಈಗ ಮಾಡಿಸುವುದಾದರೆ ನಾನು ಹೀಗೆ ಮಾಡುತ್ತಿದ್ದೆ. ತಪಾಸಣೆ ಮುಗಿದ ದಿನವೇ ಎರಡೂ ಕಣ್ಣಿನ ಪೂರ್ತಿ ನಂಬರ್, ಸಿಲಿಂಡರ್ ಸಮೇತ, ಡಾಕ್ಟರ ಸಹಿಯೊಂದಿಗೆ ತೆಗೆದುಕೊಳ್ಳುತ್ತಿದ್ದೆ. ಅದನ್ನು ಕಂಪನಿಗೆ ಇಮೇಲ್ ಮಾಡಿ, "ಎಡಗಣ್ಣು, ಬಲಗಣ್ಣು ಬೇರೆ ಬೇರೆಯಾಗಿ ಒಪ್ಪಿಗೆ ಇದೆಯೇ, ಸಿಲಿಂಡರ್ ಹೇಗೆ ಎಣಿಸುತ್ತೀರಿ" ಅಂತ ಕೇಳುತ್ತಿದ್ದೆ. ಉತ್ತರ ಬರೆದು ಕೊಡುವ ತನಕ ಅಡ್ವಾನ್ಸ್ ಕಟ್ಟುತ್ತಿರಲಿಲ್ಲ. ಫೋನಿನಲ್ಲಿ "ಆಗ್ತದ್ರೀ" ಅಂದಿದ್ದು ಕ್ಲೇಮಿನ ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ.

ಕಂಪನಿಯ ದೂರು ವಿಭಾಗಕ್ಕೆ ಅರ್ಧ ಸಿಲಿಂಡರಿನ ಲೆಕ್ಕವನ್ನೂ ಮೂಲ ತಪಾಸಣೆ ಚೀಟಿಯನ್ನೂ ಹಾಕಿ ಬರೆದಿದ್ದೇನೆ. 30 ದಿನದಲ್ಲಿ ಉತ್ತರ ಬಾರದಿದ್ದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಹೋಗುತ್ತೇನೆ, ಅಲ್ಲಿ ದೂರು ಕೊಡಲು ಶುಲ್ಕವಿಲ್ಲ. ಇವತ್ತಿಗೆ ಹನ್ನೊಂದು ದಿನ ಆಯಿತು.