ಬಿಲ್ ಫೋಟೋದಲ್ಲಿ 8 ಹೋಗಿ 3 ಆಯಿತು

ಕಿರಾಣಿ ಅಂಗಡಿ ಹಾಕಿ ಎರಡೇ ತಿಂಗಳು. ಎಣ್ಣೆ, ಟೀ ಪುಡಿಯ ಬಿಲ್‌ಗಳನ್ನು ಫೋಟೋ ಹೊಡೆದು ಲೆಕ್ಕ ಬರೆಯುವವರಿಗೆ ವಾಟ್ಸಾಪ್ ಮಾಡುತ್ತಿದ್ದೆ. ಒಂದು ದಿನ ಏಜೆನ್ಸಿ ಹುಡುಗ ಬಂದು, "ಅಣ್ಣ, ಹಳೇ ಬಿಲ್‌ದು 5,250 ಬಾಕಿ ಇದೆ" ಅಂದ. ನಾನು ಪೂರ್ತಿ ಕೊಟ್ಟಿದ್ದೀನಿ ಅಂತ ಜೋರು ಮಾಡಿ ಕಳಿಸಿದೆ.

ತಪ್ಪು ನನ್ನದೇ. ಬಿಲ್‌ನಲ್ಲಿ ತೆರಿಗೆ ಸೇರುವ ಮುಂಚೆ ಇದ್ದದ್ದು 18,640. ರಾತ್ರಿ ಟ್ಯೂಬ್‌ಲೈಟ್ ಕೆಳಗೆ ನಿಂತು ಹೊಡೆದ ಫೋಟೋ, ನನ್ನ ಕೈ ನೆರಳೇ ಅದರ ಮೇಲೆ. ಮಡಿಕೆ ಬಿದ್ದ ಜಾಗದಲ್ಲಿ 8ರ ಎಡಭಾಗ ಮಾಯವಾಗಿ 3ರಂತೆ ಕಂಡಿದೆ. ಲೆಕ್ಕ ಬರೆಯುವವರು 13,640 ಅಂತ ಹಾಕಿದರು. ಶೇ. 5 ತೆರಿಗೆಯನ್ನು ಸಾಫ್ಟ್‌ವೇರೇ ಹಾಕಿಕೊಂಡು 14,322 ತೋರಿಸಿತು. ನಾನು ಅಷ್ಟೇ ಕೊಟ್ಟೆ. ಕೆಳಗಿನ 19,572ರ ಮೊತ್ತ ಕಂಡಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು, ಆದರೆ ಫೋಟೋದಲ್ಲಿ ಆ ತುದಿಯೇ ಕಟ್ ಆಗಿತ್ತು. ಮುಂದಿನ ತಿಂಗಳು 14ರ ನಂತರ ಜಿಎಸ್‌ಟಿ ಪೋರ್ಟಲ್‌ನಲ್ಲಿ ಮಾರಿದವರು ತೋರಿಸಿದ ಬಿಲ್‌ಗಳ ಪಟ್ಟಿ, ಅಂದರೆ 2ಬಿ ತೆಗೆದಾಗ ಅದರಲ್ಲಿ ಕೇಂದ್ರದ ಮತ್ತು ರಾಜ್ಯದ ತೆರಿಗೆ 466 ಮತ್ತು 466, ನಮ್ಮ ಲೆಕ್ಕದಲ್ಲಿ 341 ಮತ್ತು 341. ಆಗ ಡ್ರಾಯರ್‌ನಿಂದ ಬಿಲ್ ತೆಗೆದು, ಮಡಿಕೆ ಸರಿಮಾಡಿ ನೋಡಿದೆ. 8 ಚೆನ್ನಾಗೇ ಕಾಣುತ್ತಿತ್ತು! ಆ ಹುಡುಗನಿಗೆ ಫೋನ್ ಮಾಡುವಾಗ ನಾಚಿಕೆ ಆಯಿತು.

ಈಗ ಬಿಲ್ ಬಂದ ದಿನವೇ, ಹಗಲಲ್ಲೇ, ಅಂಗಡಿ ಬಾಗಿಲ ಬೆಳಕಿಗೆ ಹಿಡಿದು ಹೊಡೆಯುತ್ತೇನೆ. ಮಡಿಕೆಯನ್ನು ಅಂಗೈಯಲ್ಲಿ ಒತ್ತಿ, ಬಿಲ್ಲನ್ನು ಕಂದು ರಟ್ಟಿನ ಮೇಲೆ ಇಡುತ್ತೇನೆ. ಬಿಳಿ ಕಾಗದದ ಅಂಚು ಎದ್ದು ಕಾಣುತ್ತದೆ. ಬೆಳಕು ಪಕ್ಕದಿಂದ ಬರಬೇಕು, ಬೆನ್ನ ಹಿಂದಿನಿಂದ ಬಂದರೆ ನೆರಳು ಬೀಳುತ್ತದೆ. ಫ್ಲ್ಯಾಶ್ ಬೇಡ, ನುಣುಪು ಕಾಗದದಲ್ಲಿ ಬಿಳಿ ಚುಕ್ಕೆಯಾಗಿ ಅಂಕಿಯನ್ನೇ ನುಂಗುತ್ತದೆ. ಫೋನ್ ಬಿಲ್‌ಗೆ ಸಮಾನಾಂತರವಾಗಿ, ನಾಲ್ಕೂ ಮೂಲೆ ಕಾಣುವ ಹಾಗೆ. ಫೋನ್ ಪರದೆಯಲ್ಲಿ ಅಂಕಿಗಳ ಮೇಲೆ ಬೆರಳಿಟ್ಟು ಫೋಕಸ್ ಮಾಡಿ ಆಮೇಲೆ ಕ್ಲಿಕ್. ಉದ್ದದ ಬಿಲ್ ಆದರೆ ಎರಡು ಫೋಟೋ, ಮೊದಲನೆಯದರ ಕೊನೆಯ ಎರಡು ಮೂರು ಸಾಲು ಎರಡನೆಯದರಲ್ಲೂ ಇರಲಿ. ಇಲ್ಲದಿದ್ದರೆ ನಡುವೆ ಒಂದು ಸಾಲು ಬಿಟ್ಟುಹೋದರೂ ತಿಳಿಯುವುದಿಲ್ಲ.

ಕಳಿಸುವ ಮುಂಚೆ ಜೂಮ್ ಮಾಡಿ ಬಿಲ್ ನಂಬರ್, ತಾರೀಖು, ಜಿಎಸ್‌ಟಿ ನಂಬರ್, ತೆರಿಗೆ, ಮೊತ್ತ ಓದಿ. ಮೂಲ ಬಿಲ್ ನೋಡದೆ, ಫೋಟೋದಿಂದಲೇ. ಬೆಲೆಗೆ ತೆರಿಗೆ ಕೂಡಿಸಿದರೆ ಮೊತ್ತ ಬರಬೇಕು, ಪೈಸೆ ರೌಂಡಿಂಗ್ ಬಿಟ್ಟು. ಬರದಿದ್ದರೆ ಸುಮ್ನೆ ಮತ್ತೆ ಹೊಡೆಯಿರಿ.

ಇನ್ನೊಂದು, ವಾಟ್ಸಾಪ್‌ನಲ್ಲಿ ಮಾಮೂಲಿ ಫೋಟೋ ಆಗಿ ಕಳಿಸಿದರೆ ಗಾತ್ರ ಕುಗ್ಗುತ್ತದೆ, ಸಣ್ಣ ಅಂಕಿ ಮಸುಕಾಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ. 'ಪೇಯ್ಡ್' ಸೀಲನ್ನೂ ಪೆನ್ ಗೀಟನ್ನೂ ಅಂಕಿಗಳ ಮೇಲೆ ಹಾಕಿಸಿಕೊಳ್ಳಬೇಡಿ. ಏಜೆನ್ಸಿಯವರು ಕಂಪ್ಯೂಟರ್ ಬಿಲ್ ಕೊಡುವುದಾದರೆ ಪಿಡಿಎಫ್ ಕೇಳಿ, ಫೋಟೋ ಗೋಜೇ ಇರುವುದಿಲ್ಲ. ನನ್ನ ಆ 5,250 ಈಗ ಚುಕ್ತಾ ಆಗಿದೆ, ಹುಡುಗ ಮಾತ್ರ ಇನ್ನೂ ಬಿಲ್ ಕೊಡುವಾಗ ಮೊತ್ತವನ್ನು ನನ್ನ ಮುಂದೆ ಗಟ್ಟಿಯಾಗಿ ಓದುತ್ತಾನೆ.