"10 ದಿನದಲ್ಲಿ ಡೆಲಿವರಿ" ಅಂದರೆ ಯಾವತ್ತಿನಿಂದ 10 ದಿನ? ಬಲ್ಕ್ ಆರ್ಡರ್ ಕೊಡೋ ಮುಂಚೆ ಕೇಳಿ

ನಮ್ಮ ಆಫೀಸಿನ ವಾರ್ಷಿಕೋತ್ಸವಕ್ಕೆ ಆನ್‌ಲೈನ್ ಮಾರಾಟಗಾರರೊಬ್ಬರಿಗೆ 300 ಸ್ಟೀಲ್ ಬಾಟಲಿಗಳ ಆರ್ಡರ್ ಕೊಟ್ಟಿದ್ದೆವು. ಮೇಲೆ ಕಂಪನಿಯ ಲೋಗೋ, ಕೆಳಗೆ ಕಾರ್ಯಕ್ರಮದ ತಾರೀಖು. ಕಾರ್ಯಕ್ರಮದ ದಿನ ಕೈಗೆ ಬಂದದ್ದು 60 ಬಾಟಲಿ. ಉಳಿದ 240 ಬಂದಾಗ ಹಾಕಿದ್ದ ಶಾಮಿಯಾನವನ್ನೂ ಬಿಚ್ಚಿ ಆಗಿತ್ತು. ದುಡ್ಡು ಮಾತ್ರ ಅದಕ್ಕೂ ಮೊದಲೇ ಪೂರ್ತಿ ಹೋಗಿತ್ತು.

ಇದರಲ್ಲಿ ನಕಲಿ ಅಂಗಡಿ, ದುಡ್ಡು ತೆಗೆದುಕೊಂಡು ಫೋನ್ ಆಫ್ ಮಾಡಿದವರು, ಅಂಥದ್ದೇನೂ ಇಲ್ಲ. ಕೊಟೇಶನ್‌ನಲ್ಲಿ ಬರೆದಿದ್ದ ಷರತ್ತಿನ ಪ್ರಕಾರವೇ ಹೆಚ್ಚುಕಡಿಮೆ ಎಲ್ಲ ನಡೆಯಿತು. ಅದಕ್ಕೇ ಬರೆಯುತ್ತಿದ್ದೇನೆ. ಮದುವೆಗೆ ಹೆಸರು ಹಾಕಿಸಿದ ಬ್ಯಾಗು, ಡಬ್ಬಿ ತರಿಸುವವರಿಗೂ ಇದೇ ಥರದ ಕಾಗದ ಬರುತ್ತದೆ.

ಕೊಟೇಶನ್‌ನಲ್ಲಿ ಇದ್ದದ್ದು ಇಷ್ಟು: 50% ಅಡ್ವಾನ್ಸ್, ಉಳಿದದ್ದು ಡಿಸ್ಪ್ಯಾಚ್‌ಗೆ ಮುಂಚೆ, 10 ವರ್ಕಿಂಗ್ ಡೇಸ್‌ನಲ್ಲಿ ಆರ್ಡರ್ ರೆಡಿ. ಕಾರ್ಯಕ್ರಮ 20ನೇ ತಾರೀಖು ಶನಿವಾರ. ಅಡ್ವಾನ್ಸ್ ಹೋದದ್ದು 1ನೇ ತಾರೀಖು ಸೋಮವಾರ. ಶನಿವಾರ, ಭಾನುವಾರ ಬಿಟ್ಟು ಎಣಿಸಿದರೆ 15ಕ್ಕೆ 10 ದಿನ ಮುಗಿಯುತ್ತದೆ, ಇನ್ನೂ ಐದು ದಿನ ಕೈಯಲ್ಲಿರುತ್ತದೆ. ಯಾರೇ ಆದರೂ ಹೀಗೇ ಲೆಕ್ಕ ಹಾಕುತ್ತಾರೆ, ಅಲ್ವಾ?

ಮಾರಾಟಗಾರರ ಲೆಕ್ಕ ಬೇರೆ. ಪ್ರಿಂಟ್ ಇರುವ ಆರ್ಡರ್‌ನಲ್ಲಿ ದಿನದ ಎಣಿಕೆ ಶುರುವಾಗುವುದು ದುಡ್ಡು ಕೊಟ್ಟ ದಿನದಿಂದ ಅಲ್ಲ, ಪ್ರೂಫ್ ಒಪ್ಪಿದ ದಿನದಿಂದ. ಪ್ರೂಫ್ ಅಂದರೆ ಲೋಗೋ ಎಲ್ಲಿ ಬರುತ್ತದೆ, ಬಣ್ಣ ಯಾವುದು ಎಂದು ತೋರಿಸುವ ಚಿತ್ರ. ಅದು ನಮಗೆ ಬಂದದ್ದೇ 5ನೇ ತಾರೀಖು. ಅದರಲ್ಲಿ ಲೋಗೋದ ನೀಲಿ ಬಣ್ಣ ನೇರಳೆಯಾಗಿತ್ತು. ತಿದ್ದಿಸಿ, ಎರಡನೆಯ ಪ್ರೂಫ್ ತರಿಸಿ, ಒಪ್ಪಿಗೆ ಕೊಡುವಾಗ 8ನೇ ತಾರೀಖು. ಅಲ್ಲಿಂದ 10 ವರ್ಕಿಂಗ್ ಡೇಸ್ ಅಂದರೆ 22. ಅದೂ ಮಾಲು ಅವರ ಗೋಡೌನ್ ಬಿಡುವ ದಿನ, ನಮ್ಮ ಬಾಗಿಲಿಗೆ ಬರುವ ದಿನವಲ್ಲ. ಕೊರಿಯರ್‌ನ ದಿನಗಳು ಅದರ ಮೇಲೆ. ಪ್ರೂಫ್ ತಡ ಮಾಡಿದ್ದು ಅವರು, ಬಣ್ಣ ಕೆಡಿಸಿದ್ದೂ ಅವರೇ. ಆದರೂ ಆ ದಿನಗಳೆಲ್ಲ ಬಿದ್ದದ್ದು ನಮ್ಮ ತಲೆಗೆ.

16ಕ್ಕೆ ವಿಷಯ ಗೊತ್ತಾಗಿ ಕ್ಯಾನ್ಸಲ್ ಮಾಡುತ್ತೇವೆ ಎಂದೆವು. "ಪ್ರೂಫ್ ಒಪ್ಪಿದ ಮೇಲೆ ಕಸ್ಟಮ್ ಆರ್ಡರ್ ಕ್ಯಾನ್ಸಲ್ ಆಗಲ್ಲ, ಅಡ್ವಾನ್ಸ್ ವಾಪಸ್ ಇಲ್ಲ" ಎಂಬ ಉತ್ತರ ಬಂತು. ಈ ಷರತ್ತು ಒಂದು ಮಟ್ಟಿಗೆ ನ್ಯಾಯವೇ. ನಮ್ಮ ಲೋಗೋ ಬಿದ್ದ ಬಾಟಲಿಯನ್ನು ಅವರು ಇನ್ಯಾರಿಗೆ ಮಾರುತ್ತಾರೆ? ಆದರೆ ಅವರು ಅವತ್ತಿನವರೆಗೆ ಒಂದು ಬಾಟಲಿಗೂ ಪ್ರಿಂಟ್ ಹಾಕಿರಲಿಲ್ಲ. ಪ್ರಿಂಟ್ ಶುರುವಾದ ಮೇಲೆ ಕ್ಯಾನ್ಸಲ್ ಇಲ್ಲ ಅನ್ನುವುದು ಬೇರೆ, ಪ್ರೂಫ್ ಒಪ್ಪಿದ ಮೇಲೆ ಇಲ್ಲ ಅನ್ನುವುದು ಬೇರೆ. ಮೊದಲನೆಯದು ಅವರ ನಷ್ಟ ತಪ್ಪಿಸುತ್ತದೆ. ಎರಡನೆಯದು ಸುಮ್ನೆ ನಮ್ಮ ಕೈ ಕಟ್ಟುತ್ತದೆ.

ಒತ್ತಡ ಹಾಕಿದ ಮೇಲೆ 18ರ ಬೆಳಿಗ್ಗೆ ಮೆಸೇಜ್ ಬಂತು: ಎಲ್ಲ ರೆಡಿ, ಬ್ಯಾಲೆನ್ಸ್ ಹಾಕಿದರೆ ಇವತ್ತೇ ಡಿಸ್ಪ್ಯಾಚ್. ಅಡ್ವಾನ್ಸ್ ಹೋಗಿದ್ದು ವೆಬ್‌ಸೈಟ್ ಮೂಲಕ ಕಾರ್ಡಿನಲ್ಲಿ. ಬ್ಯಾಲೆನ್ಸ್ ಮಾತ್ರ "ಬೇಗ ಆಗುತ್ತೆ" ಎಂದು ನೇರ ಅವರ ಬ್ಯಾಂಕ್ ಖಾತೆಗೆ ಕೇಳಿದರು. ಹಾಕಿದ ಕೂಡಲೇ ಟ್ರ್ಯಾಕಿಂಗ್ ನಂಬರ್ ಬಂತು, ಆಫೀಸಿನಲ್ಲಿ ಎಲ್ಲರೂ ಉಸ್ಸಪ್ಪಾ ಎಂದರು.

ಟ್ರ್ಯಾಕಿಂಗ್ ನಂಬರ್ ಬಂತು ಅಂದರೆ ಮಾಲು ಹೊರಟಿತು ಅಂತಲ್ಲ. ಮಾರಾಟಗಾರರು ಕಂಪ್ಯೂಟರ್‌ನಲ್ಲಿ ಲೇಬಲ್ ಮಾಡಿದ ಕ್ಷಣವೇ ನಂಬರ್ ಹುಟ್ಟುತ್ತದೆ. ಬಾಕ್ಸು ಗೋಡೌನ್‌ನಲ್ಲೇ ಇರಬಹುದು, ಖಾಲಿಯೇ ಇರಬಹುದು. ಕೊರಿಯರ್‌ನವರು ಅದನ್ನು ತೆಗೆದುಕೊಂಡು ಸ್ಕ್ಯಾನ್ ಮಾಡಿದ ಮೇಲೇ ಪಿಕಪ್ ಆಯಿತು ಎಂದು ಕಾಣುವುದು. ನಮ್ಮದು ಇಡೀ ದಿನ ಲೇಬಲ್ ಹಂತದಲ್ಲೇ ನಿಂತಿತ್ತು. ಇನ್ನೊಂದು, 300 ಬಾಟಲಿ ಒಂದೇ ಬಾಕ್ಸಿನಲ್ಲಿ ಬರುವುದಿಲ್ಲ. ಐದು ಬಾಕ್ಸ್ ಇದ್ದವು, ನಮಗೆ ಕೊಟ್ಟದ್ದು ಒಂದರ ನಂಬರ್. ಆ ಒಂದು ಹೇಗೋ 20ರ ಬೆಳಿಗ್ಗೆ ಬಂತು. ಉಳಿದ ನಾಲ್ಕು ಬಾಕ್ಸಿನ ಬಾಟಲಿಗಳಿಗೆ ಅವತ್ತು ಇನ್ನೂ ಪ್ರಿಂಟ್ ಆಗುತ್ತಿತ್ತು ಎಂದು ಆಮೇಲೆ ಅವರೇ ಬಾಯಿಬಿಟ್ಟರು. ಬಂದದ್ದು 24ಕ್ಕೆ.

ಹಣ ವಾಪಸ್ ಕೇಳುವಾಗಲೂ ಇದೇ ಗೋಳು. ವೆಬ್‌ಸೈಟಿನವರು ಬ್ಯಾಲೆನ್ಸ್ ತಮ್ಮ ಲೆಕ್ಕಕ್ಕೆ ಬಂದೇ ಇಲ್ಲ ಎಂದರು. ಅಡ್ವಾನ್ಸ್ ಬಗ್ಗೆ ಕಾರ್ಡ್ ಕೊಟ್ಟ ಬ್ಯಾಂಕಿಗೆ ದೂರು ಕೊಟ್ಟರೆ, ಯಾವ ತಾರೀಖಿಗೆ ತಲುಪಿಸುತ್ತೇವೆ ಎಂದು ಮಾರಾಟಗಾರರು ಬರೆದುಕೊಟ್ಟ ಕಾಗದ ತೋರಿಸಿ ಎಂದರು. ಎಷ್ಟು ಹುಡುಕಿದರೂ ಇದ್ದದ್ದು "10 ವರ್ಕಿಂಗ್ ಡೇಸ್" ಒಂದೇ. ಮಾಲು ಬೇರೆ ಬಂದು ಬಿದ್ದಿತ್ತು. ಮಾರಾಟಗಾರರು ಮಾತ್ರ ದೊಡ್ಡ ಮನಸ್ಸು ಮಾಡಿ ಮುಂದಿನ ಆರ್ಡರ್‌ಗೆ 10% ಡಿಸ್ಕೌಂಟ್ ಕೊಡುತ್ತೇವೆ ಎಂದರು!

ಈಗ ನಾನು ಯಾರಿಗಾದರೂ ಹೇಳುವುದಾದರೆ, ಅಡ್ವಾನ್ಸ್ ಹಾಕುವ ಮೊದಲು ಮಾರಾಟಗಾರರಿಂದ ಈ ಮಾತುಗಳನ್ನು ಇಮೇಲ್‌ನಲ್ಲಿ ಒಪ್ಪಿಸಿಕೊಳ್ಳಿ: "ಪೂರ್ತಿ 300 ಬಾಟಲಿಗಳು 17ನೇ ತಾರೀಖಿನ ಸಂಜೆಯೊಳಗೆ ನಮ್ಮ ವಿಳಾಸಕ್ಕೆ ತಲುಪಬೇಕು. ಇವು 20ರ ಕಾರ್ಯಕ್ರಮಕ್ಕಾಗಿ. ಆ ಗಡುವು ಮೀರಿದರೆ ಮಾಲು ತೆಗೆದುಕೊಳ್ಳುವುದಿಲ್ಲ, ಅಡ್ವಾನ್ಸ್ ಸೇರಿ ಪೂರ್ತಿ ಹಣ ವಾಪಸ್ ಕೊಡಬೇಕು." ಎಷ್ಟು ದಿನ ಎಂಬುದು ಬೇಡ, ತಾರೀಖೇ ಇರಲಿ. ಕಾರ್ಯಕ್ರಮ ಯಾವತ್ತು ಎಂಬುದೂ ಇರಲಿ. ತಡವಾದರೆ ನಮಗೆ ಉಪಯೋಗವಿಲ್ಲ ಎಂದು ಅವರಿಗೆ ಮೊದಲೇ ಗೊತ್ತಿತ್ತು ಎನ್ನುವುದಕ್ಕೆ ಅದೇ ಸಾಕ್ಷಿ. ಪ್ರೂಫ್ ಯಾವತ್ತಿನೊಳಗೆ ಕಳಿಸುತ್ತಾರೆ, ಅವರ ತಪ್ಪು ತಿದ್ದುವ ದಿನಗಳು ಯಾರ ಲೆಕ್ಕಕ್ಕೆ ಎಂದೂ ಕೇಳಿಬಿಡಿ.

ದುಡ್ಡನ್ನು ಎರಡು ಕಂತಿನ ಬದಲು ಮೂರು ಮಾಡಿ. ಆರ್ಡರ್ ಜೊತೆ 30%, ಪ್ರಿಂಟ್ ಆದ ಎಲ್ಲ ಬಾಕ್ಸುಗಳ ವೀಡಿಯೊ ನೋಡಿದ ಮೇಲೆ 50%, ಎಣಿಸಿಕೊಂಡ ಮೇಲೆ 20%. ಕೊನೆಯ 20% ನಮ್ಮ ಕೈಯಲ್ಲಿದ್ದರೆ ಫೋನ್ ಬೇಗ ಎತ್ತುತ್ತಾರೆ. ಸಣ್ಣ ಮಾರಾಟಗಾರರಿಗೆ 30% ಸಾಲದೆ ಹೋಗಬಹುದು, ಖಾಲಿ ಬಾಟಲಿ ಕೊಳ್ಳುವುದಕ್ಕೇ ಅರ್ಧ ದುಡ್ಡು ಬೇಕು ಅನ್ನುತ್ತಾರೆ. ಆಗ ಅಡ್ವಾನ್ಸ್ 50% ಕೊಟ್ಟರೂ ಕೊನೆಯ ಕಂತನ್ನು ಬಿಡಬೇಡಿ. ಎಲ್ಲ ಕಂತೂ ಒಂದೇ ದಾರಿಯಲ್ಲಿ, ವೆಬ್‌ಸೈಟ್ ಮೂಲಕವೇ ಹೋಗಲಿ.

ಇದಕ್ಕೆಲ್ಲ ಮಾರಾಟಗಾರರು ಒಪ್ಪದಿದ್ದರೆ, ದಿನವೂ ಕಡಿಮೆ ಇದ್ದರೆ, ಬಾಟಲಿಯ ಮೇಲೆ ಪ್ರಿಂಟ್ ಹಾಕಿಸಲೇಬೇಡಿ. ಸ್ಟಾಕ್‌ನಲ್ಲಿರುವ ಸಾದಾ ಬಾಟಲಿ ತರಿಸಿ, ಲೋಗೋ ಮತ್ತು ತಾರೀಖನ್ನು ಕುತ್ತಿಗೆಗೆ ಕಟ್ಟುವ ಕಾಗದದ ಟ್ಯಾಗ್ ಮೇಲೆ ಬೇರೆ ಕಡೆ ಮಾಡಿಸಿ. ಸಾದಾ ಮಾಲಿಗೆ ಪ್ರೂಫ್ ಕಾಯುವ ಕೆಲಸವಿಲ್ಲ. ಕ್ಯಾನ್ಸಲ್ ಮಾಡಿದರೂ ಅವರು ಅದನ್ನು ಇನ್ನೊಬ್ಬರಿಗೆ ಮಾರಬಹುದು, ಹಾಗಾಗಿ ವಾಪಸ್ ತೆಗೆದುಕೊಳ್ಳಲು ಜಾಸ್ತಿ ಕೊಸರಾಡುವುದಿಲ್ಲ. ನಮ್ಮ 240 ಬಾಟಲಿಗಳ ಮೇಲೆ ತಾರೀಖು ಅಚ್ಚಾಗಿರದಿದ್ದರೆ ಹೊಸದಾಗಿ ಸೇರುವವರಿಗೆ ಕೊಡಬಹುದಿತ್ತು. ಈಗ ಅವು ಸ್ಟೋರ್ ರೂಮಿನಲ್ಲಿವೆ, ಯಾರಿಗಾದರೂ ಬೇಕಿದ್ದರೆ ಹೇಳಿ.